ಕೋಲಾಟದ ಹತ್ತು ಪೀರಿಯಡ್: ಏಳನೇ ತರಗತಿಗೆ ಹೆಜ್ಜೆ, ಎಣಿಕೆ ಮತ್ತು ಸುತ್ತಿನ ಲೆಕ್ಕ

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜನಪದ ಕುಣಿತ ಕಲಿಸುವುದು ಸಾಮಾನ್ಯವಾಗಿ ವಾರ್ಷಿಕೋತ್ಸವ ಹತ್ತಿರ ಬಂದಾಗ. ಹಾಡು ಹಾಕುತ್ತಾರೆ, ಮುಂದೆ ಒಬ್ಬರು ಮಾಡಿ ತೋರಿಸುತ್ತಾರೆ, ಮಕ್ಕಳು ನೋಡಿ ಮಾಡುತ್ತಾರೆ. ಹಾಗೆ ಕಲಿತ ಮಕ್ಕಳಲ್ಲಿ ಅರ್ಧದಷ್ಟು ಜನ ಎಣಿಸುವುದೇ ಇಲ್ಲ, ಪಕ್ಕದವರನ್ನು ನೋಡಿ ಅರೆಕ್ಷಣ ತಡವಾಗಿ ಕೈ ಆಡಿಸುತ್ತಿರುತ್ತಾರೆ. ಎಣಿಕೆಯೂ ಮೈಯ ಹೊಂದಾಣಿಕೆಯೂ ಬೆಳೆಯಬೇಕಾದರೆ ಪಾಠವನ್ನು ಬೇರೆ ರೀತಿ ಕಟ್ಟಬೇಕು. ಮೊದಲು ಬಾಯಿ, ಆಮೇಲೆ ಕಾಲು, ಆಮೇಲೆ ಕೋಲು, ಕೊನೆಗೆ ಜಾಗ ಬದಲಾವಣೆ. ಒಂದು ಸಲಕ್ಕೆ ಒಂದೇ ಹೊಸದು.

ಇದಕ್ಕೆ ಕೋಲಾಟವೇ ಹೆಚ್ಚು ಒದಗುತ್ತದೆ. ತಪ್ಪಿದರೆ ಕಿವಿಗೇ ಗೊತ್ತಾಗುತ್ತದೆ, ಶಿಕ್ಷಕರು ಹೇಳಬೇಕಾಗಿಲ್ಲ. ಜೊತೆಗೆ ಎರಡು ಸುತ್ತಿನ ಕೋಲಾಟದಲ್ಲಿ ಜೊತೆಗಾರರು ಬದಲಾಗುವ ಕ್ರಮದೊಳಗೆ ಅಪವರ್ತ್ಯ, ಲ.ಸಾ.ಅ.ಗಳು ಕೂತಿವೆ. ಇಲ್ಲಿ ಕೊಟ್ಟಿರುವುದು 32 ಮಕ್ಕಳ ಏಳನೇ ತರಗತಿಗೆ, 40 ನಿಮಿಷದ ಹತ್ತು ಪೀರಿಯಡ್‌ಗಳಿಗೆ ಹೊಂದಿಸಿದ ಪಾಠ. ಹದಿನಾರು ಮಕ್ಕಳ ಎರಡು ತಂಡ, ಪ್ರತಿ ತಂಡದಲ್ಲಿ ಎಂಟು ಜೋಡಿ.

ಮೊದಲೇ ಸಿದ್ಧ ಮಾಡಿಕೊಳ್ಳಬೇಕಾದದ್ದು

ಪ್ರತಿ ಮಗುವಿಗೆ ಎರಡು ಕೋಲು, ಅಂದರೆ 64. ಒಡೆಯುವುದಕ್ಕೆ, ಕಳೆಯುವುದಕ್ಕೆ ಆರು ಹೆಚ್ಚಿಗೆ ಇರಲಿ, ಒಟ್ಟು 70. ಈ ವಯಸ್ಸಿನವರಿಗೆ 12ರಿಂದ 14 ಅಂಗುಲ ಉದ್ದ, ಮುಕ್ಕಾಲು ಅಂಗುಲ ದಪ್ಪ ಸಾಕು. ದೊಡ್ಡವರ ಒಂದೂವರೆ ಅಡಿ ಕೋಲು ಕೊಟ್ಟರೆ ತುದಿ ಭಾರವಾಗಿ ಮಣಿಕಟ್ಟು ಹಿಂದೆ ಬೀಳುತ್ತದೆ, ಪೆಟ್ಟು ತಡವಾಗುತ್ತದೆ, ಮಗು ಎಣಿಕೆ ತಪ್ಪಿತೆಂದು ನಾವು ತಪ್ಪು ತಿಳಿಯುತ್ತೇವೆ. ಒಣಗಿದ ಗಟ್ಟಿ ಮರ ಒಳ್ಳೆಯದು. ಬಿದಿರು ಹಗುರವೇನೋ ಹೌದು, ಆದರೆ ಹೊಡೆತಕ್ಕೆ ಉದ್ದಕ್ಕೆ ಸೀಳಿ ಸಿಬಿರು ಏಳುತ್ತದೆ. ಪ್ರತಿ ಪೀರಿಯಡ್ ಶುರುವಿನಲ್ಲಿ ಮಕ್ಕಳೇ ತಮ್ಮ ಕೋಲಿನ ಮೇಲೆ ಬಟ್ಟೆ ಸವರಿ ನೋಡಲಿ. ನೂಲು ಸಿಕ್ಕಿಕೊಂಡ ಕೋಲು ಪಕ್ಕಕ್ಕೆ.

ಮೊದಲ ಎರಡು ಕೋಲಿನ ಪೀರಿಯಡ್‌ಗಳಿಗೆ ಮರದ ಕೋಲು ಬೇಡ. ನಾಲ್ಕೈದು ಹಾಳೆ ಹಳೆಯ ಪೇಪರ್ ಬಿಗಿಯಾಗಿ ಸುತ್ತಿ ಟೇಪ್ ಹಾಕಿದರೆ ಕೋಲಾಗುತ್ತದೆ. ಬೆರಳಿಗೆ ತಗುಲಿದರೂ ನೋಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸದ್ದು ಕಡಿಮೆ ಇರುವುದರಿಂದ ಮಕ್ಕಳಿಗೆ ತಮ್ಮ ಬಾಯಿಯ ಎಣಿಕೆ ಕೇಳಿಸುತ್ತದೆ. ಮರದ ಕೋಲು ಕೈಗೆ ಬಂದ ಕೂಡಲೇ ಎಲ್ಲರ ವೇಗವೂ ಏರುತ್ತದೆ. ಆ ಸದ್ದಿನ ಖುಷಿಯೇ ಅಂಥದ್ದು.

ಅಂಗಳದಲ್ಲಿ ಒಂದು ಗೂಟ ನೆಟ್ಟು, ಹಗ್ಗಕ್ಕೆ 5 ಅಡಿಗೊಂದು, 8 ಅಡಿಗೊಂದು ಗಂಟು ಹಾಕಿ, ಸುಣ್ಣದ ಪುಡಿಯಲ್ಲಿ ಎರಡು ವೃತ್ತ ಎಳೆಯಿರಿ. ಒಳಗಿನವರು ಹೊರಕ್ಕೆ ಮುಖ ಮಾಡಿ, ಹೊರಗಿನವರು ಒಳಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಮಧ್ಯೆ ಮೂರು ಅಡಿ ಇದ್ದರೆ ಕೋಲಿಗೆ ಕೋಲು ತಗಲುತ್ತದೆ, ಮುಖಕ್ಕೆ ತಗಲುವುದಿಲ್ಲ. ಒಳ ವೃತ್ತ ಇದಕ್ಕಿಂತ ಚಿಕ್ಕದಾದರೆ ಎಂಟು ಮಕ್ಕಳ ಮೊಣಕೈ ಒಂದಕ್ಕೊಂದು ತಾಗುತ್ತದೆ. ವೃತ್ತವನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಭಾಗ ಮಾಡಿ ಒಂದೊಂದು ಜಾಗಕ್ಕೂ ಗುರುತು ಹಾಕಿ. ಈ ಗುರುತು ಹಾಕುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು.

ವೇಗ ಕಾಯಲು ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್, ಬಡಿಯಲು ಒಂದು ತಮಟೆ ಅಥವಾ ಡೆಸ್ಕು. ರೆಕಾರ್ಡಿನ ಹಾಡು ಎಂಟನೇ ಪೀರಿಯಡ್‌ವರೆಗೂ ಬೇಡ, ಅದನ್ನು ಬೇಕಾದಾಗ ನಿಧಾನ ಮಾಡಲು ಆಗುವುದಿಲ್ಲ. ಎಲ್ಲರ ಬಲ ಮಣಿಕಟ್ಟಿಗೂ ಒಂದು ಬಣ್ಣದ ದಾರ ಕಟ್ಟಿ. ವೃತ್ತದಲ್ಲಿ ನಿಂತಾಗ ಎದುರಿನವರ ಬಲ ನಮ್ಮ ಎಡಕ್ಕೆ ಕಾಣುವುದರಿಂದ ಎಡಬಲದ ಗೊಂದಲ ಏಳನೇ ತರಗತಿಯಲ್ಲೂ ಇರುತ್ತದೆ. ದಾರ ಆ ಗೊಂದಲವನ್ನು ಒಂದೇ ದಿನದಲ್ಲಿ ಮುಗಿಸುತ್ತದೆ.

ಒಂದು ಮತ್ತು ಎರಡನೇ ಪೀರಿಯಡ್: ಬಾಯಿ ಮತ್ತು ಕೈ

ಕೋಲು, ಕಾಲು ಎರಡೂ ಇಲ್ಲ. ಮಕ್ಕಳು ನೆಲದ ಮೇಲೆ ಕೂತು ನಿಮಿಷಕ್ಕೆ 60 ಬಡಿತದ ವೇಗದಲ್ಲಿ ಒಂದರಿಂದ ಎಂಟು ಎಣಿಸಬೇಕು. ಎಂಟಾದ ಮೇಲೆ ಮತ್ತೆ ಒಂದು. ಮೊದಲ ತೊಡಕು ಇಲ್ಲೇ ಬರುತ್ತದೆ, ಎಂಟು ಎಂದ ಮೇಲೆ ಮಕ್ಕಳು ಉಸಿರು ತೆಗೆದುಕೊಂಡು ಅರ್ಧ ಬಡಿತ ನಿಲ್ಲುತ್ತಾರೆ. ತರಗತಿಯಲ್ಲಿ ಮಗ್ಗಿ ಒಪ್ಪಿಸುವಾಗ ಸಾಲಿನ ಕೊನೆಗೆ ನಿಲ್ಲುವ ಅಭ್ಯಾಸ ಅದು. ಅದನ್ನು ಬಿಡಿಸಲು ‘ಏಳು ಎಂಟು ಒಂದು’ ಎನ್ನುವ ಮೂರನ್ನು ಮಾತ್ರ ಒಟ್ಟಿಗೆ ಹತ್ತು ಸಲ ಹೇಳಿಸಿ. ಉಸಿರನ್ನು ನಾಲ್ಕರ ನಂತರ ಕದಿಯಲು ಕಲಿಸಿ. ‘ಎರಡು’ ಎನ್ನುವುದಕ್ಕೆ ಮೂರು ಅಕ್ಷರ ಇರುವುದರಿಂದ ವೇಗ ಹೆಚ್ಚಿದಾಗ ಅಲ್ಲೇ ನಾಲಿಗೆ ತೊಡರುತ್ತದೆ. ಮಾತಿನಲ್ಲಿ ಹೇಳುವ ಹಾಗೆ ‘ಎರ್ಡು’ ಎನ್ನಲಿ.

ಆಮೇಲೆ ಅದೇ ಎಂಟಕ್ಕೆ ಆದಿತಾಳದ ಕೈ. ಮೊದಲ ನಾಲ್ಕು ಎಣಿಕೆಗೆ ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಉಳಿದ ನಾಲ್ಕಕ್ಕೆ ತಟ್ಟಿ ತಿರುವು, ತಟ್ಟಿ ತಿರುವು. ಸಂಗೀತ ಕಲಿಸುವುದು ಇದರ ಉದ್ದೇಶವಲ್ಲ. ಎಂಟರೊಳಗೆ ನಾಲ್ಕು, ಎರಡು, ಎರಡು ಇದೆ ಎಂಬುದು ಕೈಗೆ ತಿಳಿಯುತ್ತದೆ. ಎಣಿಕೆ ಮರೆತರೂ ಯಾವ ಬೆರಳಲ್ಲಿದ್ದೇನೆ ಎಂದು ನೋಡಿ ಮಗು ಮತ್ತೆ ಸೇರಿಕೊಳ್ಳಬಹುದು. ಕೈ ಕೂತ ಮೇಲೆ ಸಂಖ್ಯೆಗಳ ಬದಲು ‘ತಕದಿಮಿ ತಕಜಣು’ ಹೇಳಿಸಿ. ಅರ್ಧ ತರಗತಿ ಸಂಖ್ಯೆ, ಅರ್ಧ ತರಗತಿ ಜತಿ, ಆಮೇಲೆ ಅದಲು ಬದಲು.

ಎರಡನೇ ಪೀರಿಯಡ್‌ನ ಕೊನೆಗೆ ಮೌನದ ಎಣಿಕೆ. ಎಂಟು ಬಡಿತ ಬಾಯಲ್ಲಿ, ಮುಂದಿನ ಎಂಟು ಮನಸ್ಸಿನಲ್ಲಿ, ಅದರ ನಂತರದ ‘ಒಂದು’ಕ್ಕೆ ಎಲ್ಲರೂ ಒಟ್ಟಿಗೆ ಚಪ್ಪಾಳೆ. ಮೊದಲ ಸಲ ಚಪ್ಪಾಳೆ ಮಳೆ ಹನಿಯ ಹಾಗೆ ಚದುರಿ ಬೀಳುತ್ತದೆ. ಹೆಚ್ಚಿನವರು ಬೇಗ ತಟ್ಟುತ್ತಾರೆ, ತಡವಾಗುವವರು ಕಡಿಮೆ. ನಾಲ್ಕೈದು ಪ್ರಯತ್ನಕ್ಕೆ ಅದು ಒಂದಾಗುತ್ತಾ ಬರುತ್ತದೆ. ಮೌನದ ಎಂಟು ಒಂದಾದ ಮೇಲೆ ಮೌನದ ಹದಿನಾರು. ಈ ಪರೀಕ್ಷೆಯನ್ನು ಹತ್ತನೇ ಪೀರಿಯಡ್‌ವರೆಗೂ ಪ್ರತಿ ದಿನ ಶುರುವಿಗೆ ಎರಡು ನಿಮಿಷ ಮಾಡಿ. ಎಣಿಸುವ ಮಕ್ಕಳು ಯಾರು, ನೋಡಿ ಮಾಡುವವರು ಯಾರು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಕಣ್ಣು ಮುಚ್ಚಿಸಿದರೆ ಇನ್ನೂ ಸ್ಪಷ್ಟ.

ಮೂರನೇ ಪೀರಿಯಡ್: ಕಾಲು

ಹೆಜ್ಜೆ ಸರಳ. ಬಲ, ಎಡ, ಬಲ ಇಟ್ಟು ನಾಲ್ಕಕ್ಕೆ ಎಡಗಾಲನ್ನು ಬರೀ ತಟ್ಟು. ಎಡ, ಬಲ, ಎಡ ಇಟ್ಟು ಎಂಟಕ್ಕೆ ಬಲಗಾಲು ತಟ್ಟು. ನಿಂತ ಜಾಗದಲ್ಲೇ.

ಇಲ್ಲಿ ಮಕ್ಕಳಿಗೆ ಬಿಡಿಸಿ ಹೇಳಬೇಕಾದ ಒಂದು ವಿಷಯವಿದೆ. ‘ಇಡುವುದು’ ಅಂದರೆ ಮೈಭಾರ ಆ ಕಾಲಿಗೆ ಹೋಗಬೇಕು. ‘ತಟ್ಟುವುದು’ ಅಂದರೆ ಭಾರ ಹಾಕದೆ ಮುಂಗಾಲಿನಿಂದ ನೆಲ ಮುಟ್ಟಿ ಎತ್ತುವುದು. ಮೂರು ಸಲ ಭಾರ ಬದಲಾದರೆ ಮುಂದಿನ ಸಾಲು ತಾನಾಗಿ ಇನ್ನೊಂದು ಕಾಲಿನಿಂದ ಶುರುವಾಗುತ್ತದೆ, ಏಕೆಂದರೆ ಮೂರು ಬೆಸ. ನಾಲ್ಕನೇ ಎಣಿಕೆಯಲ್ಲೂ ಭಾರ ಹಾಕಿಬಿಟ್ಟರೆ ಸಮಸಂಖ್ಯೆಯಾಗಿ ಐದಕ್ಕೆ ಮತ್ತೆ ಬಲಗಾಲೇ ಬರುತ್ತದೆ. ಆಗ ಮಗು ಗೊಂದಲಗೊಂಡು ಒಂದು ಪುಟ್ಟ ಜಿಗಿತ ಹಾಕಿ ಕಾಲು ಬದಲಿಸುತ್ತದೆ. ಸಾಲಿನ ನಡುವೆ ಇಂಥ ಜಿಗಿತ ಕಂಡರೆ ಕಾರಣ ಬಹುಪಾಲು ಇದೇ.

ಕಂಡುಹಿಡಿಯುವ ಬಗೆ ಹೀಗೆ: ನಾಲ್ಕಕ್ಕೆ ‘ನಿಲ್ಲು’ ಎನ್ನಿ. ಎಲ್ಲರೂ ತಟ್ಟಿದ ಕಾಲನ್ನು ನೆಲದಿಂದ ನಾಲ್ಕು ಅಂಗುಲ ಎತ್ತಿ ಹಿಡಿಯಬೇಕು. ಸರಿಯಾಗಿ ಮಾಡಿದವರಿಗೆ ಅದು ಸಲೀಸು. ಭಾರ ಹಾಕಿದವರು ವಾಲುತ್ತಾರೆ. ತಪ್ಪು ಎಲ್ಲಿದೆ ಎಂದು ಮಗುವಿಗೇ ಗೊತ್ತಾಗುತ್ತದೆ. ಆದಷ್ಟು ಬರಿಗಾಲಲ್ಲಿ ಮಾಡಿಸಿ, ಭಾರದ ಬದಲಾವಣೆ ಅಂಗಾಲಿಗೆ ತಿಳಿಯಬೇಕು. ಹಾಗಾಗಿ ಬಿಸಿಲು ಏರುವ ಮುಂಚಿನ ಪೀರಿಯಡ್ ಕೇಳಿ ಪಡೆಯಿರಿ, ಅಂಗಳದ ಕಲ್ಲು ಆರಿಸಿ ತೆಗೆಯಿರಿ.

ನಾಲ್ಕು, ಐದು, ಆರು: ಕೋಲು

ಕೋಲನ್ನು ಕೆಳಗಿನ ಮೂರನೇ ಒಂದು ಭಾಗದಲ್ಲಿ ಹಿಡಿದು, ಮೇಲಿನ ಮೂರನೇ ಒಂದು ಭಾಗದಿಂದ ಹೊಡೆಯಬೇಕು. ಹೆಬ್ಬೆರಳು ಸುತ್ತಿರಲಿ. ಹೆಬ್ಬೆರಳನ್ನು ಕೋಲಿನ ಉದ್ದಕ್ಕೆ ಚಾಚಿಟ್ಟರೆ ಎದುರಿನವರ ಕೋಲು ಜಾರಿ ಅದಕ್ಕೇ ಬೀಳುತ್ತದೆ. ಕೈ ಹೆಗಲಿನಿಂದ ಬೀಸುವುದು ಬೇಡ, ಮೊಣಕೈಯಿಂದ ಕೆಳಗಿನ ಚಲನೆ ಸಾಕು. ‘ಹೊಡೆ’ ಎನ್ನುವುದಕ್ಕಿಂತ ‘ತಾಗಿಸು’ ಎಂದರೆ ಪೆಟ್ಟಿನ ಜೋರು ಕಡಿಮೆಯಾಗುತ್ತದೆ.

ಎಂಟು ಎಣಿಕೆಯ ಹೊಡೆತ ಹೀಗಿದೆ:

1. ತನ್ನ ಎರಡು ಕೋಲು ಮೊಣಕಾಲ ಮಟ್ಟದಲ್ಲಿ
2. ತನ್ನ ಎರಡು ಕೋಲು ಎದೆ ಮಟ್ಟದಲ್ಲಿ
3. ಬಲಗೋಲು ಎದುರಿನವರ ಬಲಗೋಲಿಗೆ
4. ತನ್ನ ಎರಡು ಕೋಲು
5. ಎಡಗೋಲು ಎದುರಿನವರ ಎಡಗೋಲಿಗೆ
6. ತನ್ನ ಎರಡು ಕೋಲು
7. ಎರಡೂ ಕೋಲು ಎದುರಿನವರ ಎರಡಕ್ಕೂ
8. ಮೌನ

ಎಂಟನ್ನು ಬೇಕೆಂದೇ ಖಾಲಿ ಬಿಟ್ಟಿದೆ. ಸದ್ದು ಹಿಡಿದು ನಡೆಯುವ ಮಗು ಏಳಾದ ಕೂಡಲೇ ಒಂದಕ್ಕೆ ಹಾರುತ್ತದೆ, ಎಣಿಸುವ ಮಗು ಕಾಯುತ್ತದೆ. ಇಡೀ ತಂಡ ಎಂಟನ್ನು ನುಂಗುತ್ತಿದ್ದರೆ ಆ ಎಣಿಕೆಯಲ್ಲಿ ಎಲ್ಲರೂ ‘ಎಂಟು’ ಎಂದು ಗಟ್ಟಿಯಾಗಿ ಕೂಗಲಿ. ಎರಡು ದಿನ ಕೂಗಿದ ಮೇಲೆ ಪಿಸುಗುಟ್ಟಲಿ, ಆಮೇಲೆ ತುಟಿ ಮಾತ್ರ ಆಡಲಿ.

ನಾಲ್ಕನೇ ಪೀರಿಯಡ್‌ನಲ್ಲಿ ಪೇಪರ್ ಕೋಲು, ಒಬ್ಬೊಬ್ಬರೇ, ಎದುರಿಗೆ ಯಾರೋ ಇದ್ದಾರೆಂದುಕೊಂಡು ಗಾಳಿಗೆ ಹೊಡೆಯುವುದು. ಐದರಲ್ಲಿ ಜೋಡಿ, ಕೂತು, ಇನ್ನೂ ಪೇಪರ್ ಕೋಲೇ. ಕೂತು ಮಾಡಿಸುವುದನ್ನು ಬಿಡಬೇಡಿ, ಕಾಲಿನ ಯೋಚನೆ ಇಲ್ಲದೆ ಮೂರು ಮತ್ತು ಐದರ ಬಲ-ಎಡ ಗಟ್ಟಿಯಾಗುವುದು ಆಗಲೇ. ಮೂರರಲ್ಲಿ ಇಬ್ಬರ ಕೋಲೂ ಕರ್ಣದ ಹಾಗೆ ಅಡ್ಡ ಬರಬೇಕು, ಅಂದರೆ ನನ್ನ ಬಲಗೋಲು ಎದುರಿನವರ ಬಲಗೈ ಇರುವ ನನ್ನ ಎಡಬದಿಯತ್ತ ಹೋಗಬೇಕು. ನೇರ ಎದುರಿಗೆ ಚಾಚುವ ಮಗುವಿಗೆ ಎದುರಿನವರ ಎಡಗೋಲು ಸಿಗುತ್ತದೆ. ದಾರ ದಾರಕ್ಕೆ ತಾಗಲಿ ಎಂದರೆ ಸಾಕು.

ಆರರಲ್ಲಿ ಮರದ ಕೋಲು, ನಿಂತು, ಕಾಲಿನ ಜೊತೆ. ಈವರೆಗೆ 72ಕ್ಕೆ ಏರಿದ್ದ ವೇಗವನ್ನು ಮತ್ತೆ 60ಕ್ಕೆ ಇಳಿಸಿ. ಎರಡನ್ನು ಸೇರಿಸುವ ದಿನ ವೇಗ ಇಳಿಸದಿದ್ದರೆ ಮಕ್ಕಳು ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳುತ್ತಾರೆ, ಬಿಟ್ಟುಹೋಗುವುದು ಯಾವಾಗಲೂ ಕಾಲು. ಕೋಲು ಸದ್ದು ಮಾಡುತ್ತದೆ, ಕಾಲನ್ನು ಯಾರೂ ಗಮನಿಸುವುದಿಲ್ಲ. ಅದಕ್ಕಾಗಿ ಸೇರಿಸುವಾಗ ಕಾಲನ್ನು ಮೊದಲು ಶುರುಮಾಡಿಸಿ. ಎರಡು ಎಂಟು ಬರೀ ಕಾಲು ನಡೆಯಲಿ, ಮೂರನೆಯ ಎಂಟಕ್ಕೆ ನಿಲ್ಲದೆ ಕೋಲು ಸೇರಲಿ. ಕಾಲು ನಿಂತರೆ ಕೋಲನ್ನೂ ನಿಲ್ಲಿಸಿ ಮತ್ತೆ ಕಾಲಿನಿಂದ. ಎಂಟರ ಮೌನದಲ್ಲಿ ಬಲಗಾಲಿನ ತಟ್ಟು ಬರುತ್ತದೆ, ಹಾಗಾಗಿ ಕಾಲು ಸರಿಯಿದ್ದ ಮಗುವಿಗೆ ಮೌನ ಖಾಲಿ ಅನಿಸುವುದಿಲ್ಲ. ಕಾಲೇ ಎಣಿಕೆ ಕಾಯುತ್ತದೆ.

ಏಳನೇ ತರಗತಿಯಲ್ಲಿ ಹುಡುಗ ಹುಡುಗಿಯರು ಜೋಡಿಯಾಗಲು ಮುಜುಗರಪಡುತ್ತಾರೆ. ಕೋಲಾಟದಲ್ಲಿ ಕೈ ಹಿಡಿಯುವುದಿಲ್ಲ, ಮೂರು ಅಡಿ ದೂರವಿರುತ್ತದೆ, ಮುಂದೆ ಹದಿನಾರು ಎಣಿಕೆಗೊಮ್ಮೆ ಜೊತೆ ಬದಲಾಗುತ್ತದೆ. ಹಾಗಾಗಿ ಜೋಡಿಯನ್ನು ನೀವು ಆರಿಸಬೇಡಿ. ಹಾಜರಿ ಸಂಖ್ಯೆಯ ಬೆಸ ಹೊರಗೆ, ಸಮ ಒಳಗೆ ಎಂದು ಬಿಡಿ.

ಏಳನೇ ಪೀರಿಯಡ್: ಜಾಗ ಬದಲಾವಣೆ

ಒಂದು ಸುತ್ತು ಎಂದರೆ 16 ಎಣಿಕೆ. ಮೊದಲ ಎಂಟು ಮೇಲಿನ ಹೊಡೆತ. ಎರಡನೆಯ ಎಂಟಕ್ಕೆ ಹೊರಗಿನವರು ಮಾತ್ರ ತಮ್ಮ ಬಲಕ್ಕೆ ತಿರುಗಿ ಮೂರು ಹೆಜ್ಜೆ ನಡೆದು, ನಾಲ್ಕಕ್ಕೆ ಹೊಸ ಜೊತೆಗಾರರತ್ತ ಮುಖ ಮಾಡಿ ಎಡಗಾಲು ತಟ್ಟಿ ತಮ್ಮ ಕೋಲು ತಾಗಿಸಬೇಕು. ಐದು, ಆರು, ಏಳು ಅಲ್ಲೇ ಹೆಜ್ಜೆ, ಎಂಟಕ್ಕೆ ಬಲಗಾಲಿನ ತಟ್ಟು ಮತ್ತು ಕೋಲು. ಒಳಗಿನವರು ಅದೇ ಹೆಜ್ಜೆಯನ್ನು ನಿಂತಲ್ಲೇ ಹಾಕುತ್ತಾರೆ. ನಡೆಯುವಾಗ ಕೋಲು ಸೊಂಟದ ಮಟ್ಟದಲ್ಲಿ ನೆಟ್ಟಗೆ.

ಹೊರ ವೃತ್ತದಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಸುಮಾರು ಆರು ಅಡಿ, ಮೂರು ಹೆಜ್ಜೆಗೆ ಸರಿಹೋಗುತ್ತದೆ. ತಡವಾಗಿ ತಲುಪುವ ಮಗು ಇದ್ದರೆ ಅದು ನಿಧಾನವೆಂದುಕೊಳ್ಳುವ ಮುಂಚೆ ಏಳರ ಎಣಿಕೆಯನ್ನು ನೋಡಿ. ಎರಡೂ ಕೋಲು ತಾಗಿಸುವಾಗ ಮುಂದಕ್ಕೆ ವಾಲಿ ಭಾರವನ್ನು ಅಲ್ಲೇ ಬಿಟ್ಟಿರುವ ಮಗು ಬಲಕ್ಕೆ ಹೊರಡಲು ಒಂದು ಎಣಿಕೆ ತಡಮಾಡುತ್ತದೆ. ಸರಿಮಾಡಬೇಕಾದದ್ದು ನಡಿಗೆಯನ್ನಲ್ಲ, ಆ ವಾಲುವಿಕೆಯನ್ನು.

ಗಾಲಿಕುರ್ಚಿ ಬಳಸುವ ಮಗು ಅಥವಾ ಕಾಲು ಉಳುಕಿದ ಮಗು ಒಳ ವೃತ್ತದಲ್ಲಿದ್ದು ಪೂರ್ತಿ ಕುಣಿತದಲ್ಲಿ ಪಾಲ್ಗೊಳ್ಳಬಹುದು, ಜೊತೆಗಾರರೇ ಅವರ ಬಳಿ ಬರುತ್ತಾರೆ. ಇಡೀ ಪಾಠವನ್ನು ಇಷ್ಟಕ್ಕೇ ನಿಲ್ಲಿಸಿದರೂ ಅದೊಂದು ಮುಗಿದ ಕುಣಿತವೇ.

ಈಗ ಲೆಕ್ಕ. ಕುಣಿಯುವ ಮುಂಚೆ ಕೇಳಿ: ಎಂಟು ಜೋಡಿ ಇದ್ದರೆ ಎಷ್ಟು ಸಲ ಜಾಗ ಬದಲಿಸಿದ ಮೇಲೆ ಮೊದಲಿನ ಜೊತೆಗಾರ ಸಿಗುತ್ತಾರೆ? ಎಷ್ಟು ಸಲಕ್ಕೆ ಎಲ್ಲರನ್ನೂ ಭೇಟಿಯಾಗಿರುತ್ತೀರಿ? ಎರಡಕ್ಕೂ ಎಂಟು ಎನ್ನುವವರೇ ಹೆಚ್ಚು. ಕುಣಿದು ನೋಡಿದರೆ ಏಳು ಬದಲಾವಣೆಗೇ ಎಂಟೂ ಜನ ಸಿಕ್ಕಿರುತ್ತಾರೆ, ಎಂಟನೆಯದು ಮನೆಗೆ ಮರಳುವುದು. ಜನರನ್ನು ಎಣಿಸುವುದು ಬೇರೆ, ಜನರ ನಡುವಿನ ಬದಲಾವಣೆಗಳನ್ನು ಎಣಿಸುವುದು ಬೇರೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಮಕ್ಕಳು ಪದೇಪದೇ ಎಡವುವ ಜಾಗ. ಇಲ್ಲಿ ಅದು ಕಾಲಿಗೇ ಸಿಗುತ್ತದೆ.

ಮುಂದಿನ ಪ್ರಶ್ನೆ ಹೊತ್ತಿನದು. ಎಂಟು ಸುತ್ತಿಗೆ 128 ಎಣಿಕೆ. ನಿಮಿಷಕ್ಕೆ 80 ಬಡಿತವಾದರೆ 96 ಸೆಕೆಂಡು. ಹಾಡಿನ ಒಂದು ಸಾಲಿಗೆ 16 ಎಣಿಕೆ ಇದ್ದರೆ ಎಂಟು ಸಾಲು ಬೇಕು. ಹಾಡು ಆರಿಸುವ ಕೆಲಸ ಈ ಲೆಕ್ಕದಿಂದ ಶುರುವಾಗಲಿ.

ಎಂಟನೇ ಪೀರಿಯಡ್: ಎಲ್ಲರೂ ಬಲಕ್ಕೆ

ಇದು ಇಡೀ ಪಾಠದ ತಿರುಳು, ಆತುರಪಡದೆ ಮಾಡಿ. ಈಗ ಸೂಚನೆ ಒಂದೇ ಒಂದು ಬದಲಾಗುತ್ತದೆ: ಒಳಗಿನವರೂ ತಮ್ಮ ಬಲಕ್ಕೆ ಒಂದು ಜಾಗ ಹೋಗಬೇಕು. ಎದುರುಬದುರು ನಿಂತವರ ಬಲಗಳು ಬೇರೆ ಬೇರೆ ದಿಕ್ಕಿಗಿರುವುದರಿಂದ ಎರಡು ವೃತ್ತಗಳು ವಿರುದ್ಧವಾಗಿ ತಿರುಗುತ್ತವೆ. ಒಂದೊಂದು ಬದಲಾವಣೆಗೂ ಜೊತೆಗಾರರು ಎರಡು ಸ್ಥಾನ ದಾಟಿ ಹೋಗುತ್ತಾರೆ.

ಹೊರಗಿನವರಿಗೂ ಒಳಗಿನವರಿಗೂ ಒಂದರಿಂದ ಎಂಟರ ಚೀಟಿ ಅಂಟಿಸಿ. ಹೊರಗಿನವರ ಬಲದ ದಿಕ್ಕಿಗೆ ಸಂಖ್ಯೆ ಏರುತ್ತಾ ಹೋಗಲಿ. ಒಬ್ಬ ವಿದ್ಯಾರ್ಥಿ ಹೊರಗಿನ ಒಂದನೆಯವರು ಯಾರ ಯಾರನ್ನು ಭೇಟಿಯಾಗುತ್ತಾರೆಂದು ಬರೆದುಕೊಳ್ಳಲಿ. ಪಟ್ಟಿ ಹೀಗೆ ಬರುತ್ತದೆ: 1, 3, 5, 7, ಮತ್ತೆ 1. ನಾಲ್ಕೇ ಬದಲಾವಣೆಗೆ ಹಳೆಯ ಜೊತೆಗಾರ ಎದುರಿಗೆ! ಆದರೆ ನಿಂತಿರುವುದು ಹೊರಟ ಜಾಗದ ನೇರ ಎದುರು ದಿಕ್ಕಿನಲ್ಲಿ. ಸ್ವಂತ ಜಾಗಕ್ಕೆ ಬರಲು ಎಂಟು ಬದಲಾವಣೆ ಬೇಕು. ಸಮಸಂಖ್ಯೆಯ ನಾಲ್ವರನ್ನು ಅವರು ಎಷ್ಟು ಹೊತ್ತು ಕುಣಿದರೂ ಭೇಟಿಯಾಗುವುದಿಲ್ಲ.

ಈಗ ಒಂದು ಜೋಡಿಯನ್ನು ತಮಟೆಗೂ ಎಣಿಕೆಗೂ ಕಳಿಸಿ ಏಳು ಜೋಡಿಯಿಂದ ಕುಣಿಸಿ. ಜಾಗವನ್ನು ಅಂದಾಜಿನಲ್ಲಿ ಹರಡಿಕೊಳ್ಳಲಿ. ಪಟ್ಟಿ: 1, 3, 5, 7, 2, 4, 6, ಮತ್ತೆ 1. ಎಲ್ಲರೂ ಸಿಕ್ಕಿದರು. ಜೊತೆಗಾರನೂ ಸ್ವಂತ ಜಾಗವೂ ಏಳನೇ ಬದಲಾವಣೆಗೆ ಒಟ್ಟಿಗೆ ಬಂದವು. ಒಬ್ಬಿಬ್ಬರು ಗೈರುಹಾಜರಾದ ದಿನ ಪಾಠ ಕೆಡುವುದಿಲ್ಲ, ಹೊಸ ಲೆಕ್ಕ ಸಿಗುತ್ತದೆ. ಆರು ಜೋಡಿಗೆ ಏನಾಗುತ್ತದೆ, ಒಂಬತ್ತಕ್ಕೆ ಏನಾಗುತ್ತದೆ ಎಂದು ಮೊದಲು ಊಹಿಸಿ ಬರೆಸಿ, ಆಮೇಲೆ ಕುಣಿಸಿ. ಆರಕ್ಕೆ ಮೂವರು, ಒಂಬತ್ತಕ್ಕೆ ಒಂಬತ್ತೂ ಜನ.

ಆಮೇಲೆ ಸವಾಲು: ಎಂಟು ಜೋಡಿಯನ್ನೇ ಇಟ್ಟುಕೊಂಡು ಎಲ್ಲರೂ ಎಲ್ಲರನ್ನೂ ಭೇಟಿಯಾಗಬೇಕು, ಎರಡು ವೃತ್ತವೂ ಚಲಿಸಬೇಕು. ಹೊರಗಿನವರು ಎರಡು ಜಾಗ, ಒಳಗಿನವರು ಒಂದು ಜಾಗ ಹೋದರೆ ದಾಟುವುದು ಮೂರು ಸ್ಥಾನ. ಪಟ್ಟಿ 1, 4, 7, 2, 5, 8, 3, 6 ಎಂದು ಬರುತ್ತದೆ, ಎಲ್ಲರೂ ಸಿಗುತ್ತಾರೆ. ಆದರೆ ಲೆಕ್ಕ ಸರಿಯಾದ ಕೂಡಲೇ ಕಾಲು ಕೈಕೊಡುತ್ತದೆ. ಹನ್ನೆರಡು ಅಡಿ ನಡೆಯಲು ಹೊರಗಿನವರಿಗೆ ಎಂಟೂ ಎಣಿಕೆ ಬೇಕು. ಅವರು ಏಳು ಹೆಜ್ಜೆ ಇಟ್ಟು ಎಂಟಕ್ಕೆ ತಟ್ಟಿದರೆ ಏಳು ಬೆಸವಾದ್ದರಿಂದ ಮುಂದಿನ ಸುತ್ತು ಎಡಗಾಲಿನಿಂದ ಶುರುವಾಗುತ್ತದೆ, ಒಳಗಿನವರದು ಬಲಗಾಲಿನಿಂದ. ಎಂಟಕ್ಕೂ ಭಾರ ಹಾಕಿ ಎಂಟು ಹೆಜ್ಜೆ ನಡೆದರೆ ಸರಿಯಾಗುತ್ತದೆ. ಮೂರನೇ ಪೀರಿಯಡ್‌ನ ಬೆಸ-ಸಮದ ಪಾಠವನ್ನು ಮಕ್ಕಳು ತಾವಾಗಿ ಇಲ್ಲಿಗೆ ತರುವವರೆಗೂ ಉತ್ತರ ಹೇಳಬೇಡಿ.

ಒಂಬತ್ತನೇ ಪೀರಿಯಡ್: ಆರು ಮತ್ತು ಎಂಟು

ತಿಶ್ರದ ಹೊಡೆತಕ್ಕೆ ಆರು ಎಣಿಕೆ, ಬಾಯಲ್ಲಿ ‘ತಕಿಟ ತಕಿಟ’. ಒಂದಕ್ಕೆ ತನ್ನ ಕೋಲು, ಎರಡಕ್ಕೆ ಎದುರಿನವರ ಬಲ, ಮೂರಕ್ಕೆ ಎಡ, ನಾಲ್ಕಕ್ಕೆ ತನ್ನದು, ಐದಕ್ಕೆ ಎರಡೂ ಎದುರಿನವರಿಗೆ, ಆರು ಮೌನ. ಕಾಲಿಗೆ ತಟ್ಟು ಇಲ್ಲ, ಪ್ರತಿ ಎಣಿಕೆಗೂ ಭಾರ ಬದಲಾಗುತ್ತದೆ. ಒಂದಕ್ಕೆ ಬಲಗಾಲು ಬಿದ್ದರೆ ನಾಲ್ಕಕ್ಕೆ ಎಡಗಾಲು ಬೀಳುತ್ತದೆ.

ಇದು ಕೂತ ಮೇಲೆ ಒಂದು ತಂಡ ಎಂಟರ ಹೊಡೆತ, ಇನ್ನೊಂದು ತಂಡ ಆರರ ಹೊಡೆತ, ಒಂದೇ ತಮಟೆಯ ಬಡಿತಕ್ಕೆ. ಎರಡೂ ತಂಡ ತಮ್ಮ ತಮ್ಮ ‘ಒಂದು’ಕ್ಕೆ ಮಾತ್ರ ಗಟ್ಟಿಯಾಗಿ ‘ಹೋ’ ಎನ್ನಲಿ. ಎರಡು ಹೋ ಒಟ್ಟಿಗೆ ಯಾವಾಗ ಬೀಳುತ್ತದೆ? ಲ.ಸಾ.ಅ. 24 ಎಂದು ಮಕ್ಕಳು ಕೂಡಲೇ ಹೇಳುತ್ತಾರೆ. ಕುಣಿದಾಗ 24ನೇ ಬಡಿತಕ್ಕೆ ಯಾರೂ ಹೋ ಎನ್ನುವುದಿಲ್ಲ, ಎರಡೂ ತಂಡಕ್ಕೂ ಅದು ಮೌನ. ಹೋ ಬೀಳುವುದು 25ಕ್ಕೆ. ಆರು ಎಣಿಕೆಯ ನಾಲ್ಕು ಆವರ್ತ, ಎಂಟರ ಮೂರು ಆವರ್ತ 24ಕ್ಕೆ ಮುಗಿದು, ಹೊಸದು 25ರಲ್ಲಿ ಹುಟ್ಟುತ್ತದೆ.

ಈ ಪೀರಿಯಡ್‌ನಲ್ಲಿ ಒಂದು ತಂಡ ಇನ್ನೊಂದರ ಸದ್ದಿಗೆ ಸೆಳೆದುಹೋಗುವುದು ಸಹಜ, ಸಾಮಾನ್ಯವಾಗಿ ಆರರವರು ಎಂಟಕ್ಕೆ ಜಾರುತ್ತಾರೆ. ತಂಡಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ವೇಗ 60ಕ್ಕೆ ಇಳಿಸಿ, ಆರರವರು ‘ತಕಿಟ’ವನ್ನು ಬಾಯಿಬಿಟ್ಟು ಹೇಳುತ್ತಲೇ ಇರಲಿ. ಐದು ಎಣಿಕೆಯ ‘ತಕತಕಿಟ’, ಏಳರ ‘ತಕಿಟ ತಕದಿಮಿ’ ಈ ಹತ್ತು ಪೀರಿಯಡ್‌ಗೆ ಬೇಡ. ಎಂಟನೇ ತರಗತಿಗೆ ಇಟ್ಟುಕೊಳ್ಳಿ.

ಹತ್ತನೇ ಪೀರಿಯಡ್: ಹಾಡು ಮತ್ತು ಮೌಲ್ಯಮಾಪನ

ಊರಿನ ಹಿರಿಯರು ಹಾಡುವ ಕೋಲುಪದ ಸಿಕ್ಕರೆ ಅದೇ ಒಳ್ಳೆಯದು. ‘ಕೋಲೆ’ ಎಂದು ಮುಗಿಯುವ ಪಲ್ಲವಿಯಿದ್ದರೆ ಮಕ್ಕಳಿಗೆ ಸಾಲಿನ ಕೊನೆ ಗುರುತಿಸುವುದು ಸುಲಭ. ಹಾಡನ್ನು ಒಪ್ಪಿಕೊಳ್ಳುವ ಮುಂಚೆ ಕೈಯಲ್ಲಿ ತಾಳ ಹಾಕಿ ಪ್ರತಿ ಸಾಲನ್ನೂ ಎಣಿಸಿ. ಒಂದು ಸಾಲಿಗೆ 16 ಬದಲು 12 ಇದ್ದರೆ, ಅಥವಾ ಹಾಡುವವರು ಚರಣದ ಕೊನೆಗೆ ನಾಲ್ಕು ಎಣಿಕೆ ಎಳೆಯುತ್ತಿದ್ದರೆ, ಜಾಗ ಬದಲಾವಣೆ ತಪ್ಪು ಜಾಗಕ್ಕೆ ಬೀಳುತ್ತದೆ. ಆಗ ಹಾಡನ್ನು ತಿದ್ದಬೇಡಿ. ಆ ನಾಲ್ಕು ಎಣಿಕೆಗೆ ಕಾಲು ಮಾತ್ರ ನಡೆಯಲಿ ಎಂದು ಕುಣಿತಕ್ಕೆ ಸೇರಿಸಿಕೊಳ್ಳಿ. ವೇಗ 80ರ ಒಳಗಿರಲಿ. ಅದಕ್ಕಿಂತ ಮೇಲೆ ಎಡಗೋಲಿನ ಪೆಟ್ಟು ಬಲದಷ್ಟು ಚುರುಕಾಗಿ ಬರುವುದಿಲ್ಲ, ಐದನೇ ಎಣಿಕೆ ಎಲ್ಲರಿಗೂ ತಡವಾಗುತ್ತದೆ.

ಅಂಕ ಕೊಡುವಾಗ ಚಂದವನ್ನು ಅಳೆಯಬೇಡಿ. ನೋಡಬೇಕಾದದ್ದು ಮೂರು. ಮೌನದ ಹದಿನಾರು ಎಣಿಕೆಯ ನಂತರ ಮಗು ಸರಿಯಾದ ‘ಒಂದು’ಕ್ಕೆ ಬರುತ್ತದೆಯೇ? ಐದನೇ ಎಣಿಕೆಗೆ ಯಾವ ಕಾಲು ಇಡುತ್ತದೆ? ಜೋಡಿಗಳ ಸಂಖ್ಯೆ ಮತ್ತು ಜರುಗುವ ಸ್ಥಾನ ಹೇಳಿದರೆ ಮುಂದಿನ ಮೂರು ಜೊತೆಗಾರರ ಸಂಖ್ಯೆಯನ್ನು ಕುಣಿಯದೆ ಬರೆಯಬಲ್ಲದೇ? ಒಂದು ತಂಡ ಕುಣಿಯುವಾಗ ಇನ್ನೊಂದು ತಂಡದ ಮಕ್ಕಳಿಗೆ ಒಬ್ಬೊಬ್ಬರನ್ನು ಹಂಚಿ, ಮೊದಲ ಎರಡನ್ನು ಅವರೇ ಗುರುತು ಹಾಕಲಿ. 32 ಮಕ್ಕಳನ್ನು ಒಬ್ಬರೇ ನೋಡುವುದು ಆಗದ ಮಾತು. ಕಾಲನ್ನು ನೋಡಲು ಕಲಿತ ಮಗುವಿನ ಕಾಲು ಮುಂದಿನ ಸುತ್ತಿಗೆ ಸುಧಾರಿಸಿರುತ್ತದೆ.

ಮೂರನ್ನೂ ಸಲೀಸಾಗಿ ಮಾಡುವ ತಂಡ ಸಿಕ್ಕರೆ ಜಡೆ ಕೋಲಾಟಕ್ಕೆ ಹೋಗಬಹುದು. ನಡುಗಂಬದ ತುದಿಯಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಹಿಡಿದು ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ, ಒಮ್ಮೆ ಒಳಗಿನಿಂದ ಒಮ್ಮೆ ಹೊರಗಿನಿಂದ ದಾಟುತ್ತಾ ಹೆಣೆಯುವುದು. ಮಕ್ಕಳು ಸಮಸಂಖ್ಯೆಯಲ್ಲಿರಬೇಕು, ಶುರುವಿಗೆ ಎಂಟು ಜನ ಸಾಕು. ಎಷ್ಟು ಸಲ ದಾಟಿದೆವು, ಕೊನೆಯದು ಒಳಗೋ ಹೊರಗೋ ಎಂಬುದನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಂಡು ಅಷ್ಟನ್ನೇ ಹಿಂದುಮುಂದಾಗಿ ಮಾಡಿದರೆ ಜಡೆ ಬಿಚ್ಚುತ್ತದೆ. ಒಬ್ಬರು ಒಂದು ದಾಟು ತಪ್ಪಿದರೂ ಹಗ್ಗ ಅಲ್ಲಿಯೇ ಗಂಟಾಗಿ ನಿಲ್ಲುತ್ತದೆ. ಹಾಗಾಗಿ ಮೊದಲ ದಿನ 12 ದಾಟುಗಳಿಗಿಂತ ಹೆಚ್ಚು ಹೆಣೆಸಬೇಡಿ.